ಮೇಲ್‌ನಲ್ಲಿ ಬರುವ ವಾರದ ಸುದ್ದಿಗೆ ಎಂಥ ಹೆಸರು ಇಡಬೇಕು?

ಪ್ರಶ್ನೆ (ಗಂಗಾವತಿಯಿಂದ): ನಾವು ಮೂವರು ಸೇರಿ ಪ್ರತಿ ಶನಿವಾರ ಬೆಳಿಗ್ಗೆ ಕೊಪ್ಪಳ ಜಿಲ್ಲೆಯ ಸುದ್ದಿಗಳನ್ನು ಇಮೇಲ್‌ನಲ್ಲಿ ಕಳಿಸುತ್ತೇವೆ. ಹೆಸರು "ಕೊಪ್ಪಳ ಜಿಲ್ಲಾ ವಾರದ ಸುದ್ದಿ ಸಂಗ್ರಹ". ಓದುಗರು ಸಿಕ್ಕಾಗ "ಈ ವಾರ ಬರಲೇ ಇಲ್ವಲ್ಲ" ಅಂತಾರೆ. ಅವರ ಫೋನ್ ತೆಗೆದು ನೋಡಿದರೆ ಮೇಲ್ ಅಲ್ಲೇ ಇರುತ್ತದೆ, ತೆರೆದಿರುವುದಿಲ್ಲ. ಹೆಸರು ಬದಲಿಸೋಣ ಅಂತ ಇದ್ದೇವೆ. "ಕೊಪ್ಪಳ ನ್ಯೂಸ್ ವೀಕ್ಲಿ", "ಕಿನ್ನಾಳ", "ಎಡದಂಡೆ" ಈ ಮೂರು ಮನಸ್ಸಿನಲ್ಲಿವೆ. ಯಾವುದು ಒಳ್ಳೇದು?

ಉತ್ತರ (ಬಳ್ಳಾರಿ, ಮೇಲ್ ಪತ್ರಿಕೆಗಳ ಕೆಲಸ ಮಾಡುವವರು): ಸರ್, ಮೊದಲು ಒಂದು ಮಾತು. ನೀವು ಹೆಸರು ಅಂದುಕೊಂಡಿರುವುದು ಪತ್ರದ ಒಳಗೆ ಮೇಲ್ಗಡೆ ದೊಡ್ಡದಾಗಿ ಬರುವುದನ್ನ. ಓದುಗರಿಗೆ ಅದು ಕಾಣುವುದು ಮೇಲ್ ತೆರೆದ ಮೇಲೆ. ತೆರೆಯುವ ಮುಂಚೆ ಕಾಣುವುದು "ಕಳುಹಿಸಿದವರು" ಅನ್ನುವ ಜಾಗ. ಅದರ ಕೆಳಗೆ ವಿಷಯದ ಸಾಲು, ಅದರ ಕೆಳಗೆ ತೆಳುವಾಗಿ ಪತ್ರದ ಮೊದಲ ಸಾಲು. ಜನ ಬೆರಳು ಸರಿಸುತ್ತಾ ಹೋಗುವಾಗ ಮೊದಲು ನೋಡುವುದು ಕಳುಹಿಸಿದವರ ಹೆಸರನ್ನೇ. ಅದಕ್ಕೆ ನಿಮ್ಮ ಪತ್ರಿಕೆಯ ಹೆಸರೂ ಕಳುಹಿಸಿದವರ ಹೆಸರೂ ಒಂದೇ ಆಗಿರಬೇಕು, ಮತ್ತು ಆ ಕಿರಿದಾದ ಜಾಗದಲ್ಲಿ ಪೂರ್ತಿ ಕೂರಬೇಕು.

ಈಗಿನ ಹೆಸರನ್ನು ನಿಮ್ಮ ಫೋನ್‌ನಲ್ಲಿ ನೋಡಿ. ಹೆಚ್ಚಿನ ಫೋನ್‌ಗಳಲ್ಲಿ "ಕೊಪ್ಪಳ ಜಿಲ್ಲಾ ವಾರದ…" ಅಂತ ಬಂದು ಮುಂದೆ ಚುಕ್ಕಿ ಬಿದ್ದಿರುತ್ತದೆ. ಅಪ್ಪ-ಅಮ್ಮನ ವಯಸ್ಸಿನವರು ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಅವರಿಗೆ "ಕೊಪ್ಪಳ ಜಿಲ್ಲಾ…" ಅಷ್ಟೇ ಕಾಣುತ್ತದೆ. ಅದು ಜಿಲ್ಲಾಡಳಿತದ ಪ್ರಕಟಣೆನಾ, ಯಾವುದೋ ಸಂಘದ ಸಭೆಯ ಪತ್ರನಾ, ನಿಮ್ಮದಾ ಅಂತ ಹೇಳಲಾಗದು. ಕನ್ನಡದ ಅಕ್ಷರ ಇಂಗ್ಲಿಷ್ ಅಕ್ಷರಕ್ಕಿಂತ ಅಗಲ. ಕಂಪ್ಯೂಟರಿನ ಜಿಮೇಲ್‌ನಲ್ಲಿ ಕಳುಹಿಸಿದವರಿಗೆ ಸಿಗುವುದೇ ಸುಮಾರು 20 ಇಂಗ್ಲಿಷ್ ಅಕ್ಷರದಷ್ಟು ಜಾಗ. ನಾನು ಕನ್ನಡ ಹೆಸರಿಗೆ ಹಾಕಿಕೊಳ್ಳುವ ಮಿತಿ 8 ಅಕ್ಷರ, ಹೆಚ್ಚೆಂದರೆ 10. ಒತ್ತಕ್ಷರವನ್ನು ಒಂದೇ ಅಂತ ಎಣಿಸಿ. ನಿಮ್ಮದು 13, ಅದರ ಮೇಲೆ ನಾಲ್ಕು ಖಾಲಿ ಜಾಗ.

ಉದ್ದಕ್ಕಿಂತ ದೊಡ್ಡ ತೊಂದರೆ ಪದಗಳ ಕ್ರಮದಲ್ಲಿದೆ. ಜಿಲ್ಲಾ, ವಾರದ, ಸುದ್ದಿ, ಸಂಗ್ರಹ, ಇವೆಲ್ಲ ಯಾರು ಬೇಕಾದರೂ ಇಟ್ಟುಕೊಳ್ಳುವ ಪದಗಳು. ನಿಮ್ಮದೇ ಅನ್ನುವ ಪದ ಒಂದೂ ಇಲ್ಲ. "ಕೊಪ್ಪಳ ನ್ಯೂಸ್ ವೀಕ್ಲಿ" ಚಿಕ್ಕದೇನೋ ಹೌದು, ಆದರೆ ಕೊಪ್ಪಳ ಅಂತ ಶುರುವಾಗುವ ಯೂಟ್ಯೂಬ್ ಚಾನೆಲ್, ವಾಟ್ಸಾಪ್ ಗುಂಪು ಎಷ್ಟಿಲ್ಲ? ಕಣ್ಣು ಮೊದಲ ಪದ ಹಿಡಿದು ಮುಂದೆ ಓಡುತ್ತದೆ. ನಿಮ್ಮದೇ ಪದ ಮೊದಲು ಬರಲಿ, ಊರು ಆಮೇಲೆ ಬರಲಿ.

"ಕಿನ್ನಾಳ" ಕಿವಿಗೆ ಇಂಪಾಗಿದೆ. ಆದರೆ ಇನ್‌ಬಾಕ್ಸ್‌ನಲ್ಲಿ ಅದರ ಅಕ್ಕಪಕ್ಕ ಏನಿರುತ್ತದೆ ಯೋಚಿಸಿ. ಬ್ಯಾಂಕು, ರೀಚಾರ್ಜ್, ಸೀರೆ ಅಂಗಡಿ, ಆನ್‌ಲೈನ್ ಸೇಲ್. ಅವುಗಳ ನಡುವೆ "ಕಿನ್ನಾಳ" ಅಂತ ಕಂಡರೆ ಗೊಂಬೆ ಮಾರುವವರ ಮೇಲ್ ಅಂದುಕೊಳ್ಳುತ್ತಾರೆ. ಆ ಮೂರರಲ್ಲಿ ನನ್ನ ಓಟು "ಎಡದಂಡೆ"ಗೆ. ಕಳುಹಿಸಿದವರ ಜಾಗದಲ್ಲಿ "ಎಡದಂಡೆ ಕೊಪ್ಪಳ" ಅಂತ ಹಾಕಿ. ಏಳೇ ಅಕ್ಷರ. ತುದಿ ಕತ್ತರಿಸಿಹೋದರೂ "ಎಡದಂಡೆ" ಉಳಿಯುತ್ತದೆ.

ಸಿಂಧನೂರಿನ ಕಂಪ್ಯೂಟರ್ ಅಂಗಡಿಯವರು: ಅಕ್ಕ, ಹೆಸರು ಇಂಗ್ಲಿಷಿನಲ್ಲೇ ಹಾಕೋದು ಒಳ್ಳೇದು. ಕನ್ನಡ ಹಾಕಿದರೆ ಬರೀ ಡಬ್ಬಿ ಡಬ್ಬಿ ಕಾಣಿಸುತ್ತೆ. ನಮ್ಮ ಅಂಗಡಿಗೆ ಬರುವ ಎಷ್ಟೋ ಜನರ ಫೋನಲ್ಲಿ ನೋಡಿದ್ದೀನಿ. ಮುಂದೆ ಒಂದು ಪೇಪರ್ ಚಿತ್ರ ಹಾಕಿದರೆ ಎದ್ದು ಕಾಣುತ್ತೆ.

ಬಳ್ಳಾರಿಯವರು: ತಮ್ಮಾ, ನೀನು ಹೇಳೋದು ಅರ್ಧ ಸರಿ. ಹಳೇ ಫೋನ್‌ಗಳಲ್ಲಿ ಕನ್ನಡ ಫಾಂಟ್ ಇರದೆ ಡಬ್ಬಿ ಕಾಣುತ್ತಿತ್ತು. ಈಗಿನ ಫೋನ್‌ಗಳಲ್ಲಿ ಫಾಂಟ್ ಇರುತ್ತದೆ. ಈಗ ಕೆಡುವುದು ಕಳಿಸುವ ಕಡೆ. ಮೇಲ್‌ನ ತಲೆಭಾಗದಲ್ಲಿ ಕನ್ನಡ ಹಾಗೇ ಹೋಗುವುದಿಲ್ಲ, ಸಂಕೇತವಾಗಿ ಹೋಗುತ್ತದೆ. ಸರಿಯಾಗಿ ಹೋದರೆ ಹೀಗಿರುತ್ತದೆ:

```
From: =?UTF-8?B?4LKO4LKh4LKm4LKC4LKh4LOG?= <edadande@example.com>
```

ನಡುವಿನ ಆ ಗೋಜಲೇ "ಎಡದಂಡೆ". ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಪತ್ರದ ಮೂರು ಚುಕ್ಕಿ ಒತ್ತಿ, `Show original` ಅಂತ ಕೊಟ್ಟರೆ ಕಾಣುತ್ತದೆ. ಇಂಥ ಒಂದು ತುಂಡು 75 ಅಕ್ಷರ ದಾಟುವ ಹಾಗಿಲ್ಲ. ಕನ್ನಡದ ಒಂದೊಂದು ಗುರುತಿಗೂ ಇದರಲ್ಲಿ ನಾಲ್ಕು ಅಕ್ಷರ ಬೇಕು. ಒತ್ತು, ಕೊಂಬು, ಸೊನ್ನೆ ಕೂಡ ಒಂದೊಂದು ಗುರುತೇ. ಹಾಗಾಗಿ ಹೆಸರು ಉದ್ದವಾದರೆ ಎರಡು ತುಂಡಾಗುತ್ತದೆ. ಒಳ್ಳೆಯ ತಂತ್ರಾಂಶ ಅಕ್ಷರದ ಅಂಚಿನಲ್ಲಿ ಮುರಿಯುತ್ತದೆ. ಕೆಟ್ಟದ್ದು ಅಕ್ಷರದ ನಡುವೆಯೇ ಮುರಿಯುತ್ತದೆ, ಆಗ ಹೆಸರಿನ ಮಧ್ಯೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಹೆಸರೆಲ್ಲಾ ಡಬ್ಬಿಯಾದರೆ ಫೋನಿನ ತೊಂದರೆ, ನಡುವೆ ಒಂದೆರಡು ಕಡೆ ಮಾತ್ರ ಕೆಟ್ಟಿದ್ದರೆ ಕಳಿಸುವವರ ತೊಂದರೆ. "ಎಡದಂಡೆ ಕೊಪ್ಪಳ" ಒಂದೇ ತುಂಡಿನಲ್ಲಿ ಹಿಡಿಯುತ್ತದೆ. ಹಳೆಯ ಹೆಸರು ಹಿಡಿಯುತ್ತಿರಲಿಲ್ಲ.

ಇನ್‌ಬಾಕ್ಸ್ ತುಂಬ ಇಂಗ್ಲಿಷ್ ಹೆಸರುಗಳೇ ಇರುವಾಗ ಒಂದು ಕನ್ನಡ ಹೆಸರು ತಾನಾಗಿಯೇ ಎದ್ದು ಕಾಣುತ್ತದೆ. ಅದನ್ನು ಬಿಟ್ಟುಕೊಡಬೇಡಿ. ಚಿತ್ರ ಬೇಡ, ಸೇಲ್‌ನವರೆಲ್ಲ ಅದನ್ನೇ ಹಾಕುತ್ತಾರೆ.

ಆದರೆ ಇಂಗ್ಲಿಷ್ ಅಕ್ಷರ ಬೇಕಾಗುವ ಒಂದು ಕಡೆ ಇದೆ, ಅದು ಇಮೇಲ್ ವಿಳಾಸ. ಎಷ್ಟೋ ಜನಕ್ಕೆ ಫೋನ್‌ನಲ್ಲಿ ಕನ್ನಡ ಟೈಪ್ ಮಾಡುವ ರೂಢಿ ಇಲ್ಲ. ಕಳೆದ ವಾರದ ಪತ್ರ ಹುಡುಕಬೇಕಾದರೆ ಇಂಗ್ಲಿಷಿನಲ್ಲೇ ಹೊಡೆಯುತ್ತಾರೆ. ವಿಳಾಸದಲ್ಲಿ ಹೆಸರು ಇದ್ದರೆ ಜಿಮೇಲ್ ಹುಡುಕಿ ಕೊಡುತ್ತದೆ. ಈಗ `edadande` ಅಂತ ಬರೆಯುವವರೂ ಇರುತ್ತಾರೆ, `yedadande` ಅಂತ ಬರೆಯುವವರೂ ಇರುತ್ತಾರೆ. ಒಂದನ್ನು ಹಿಡಿದು ಎಲ್ಲ ಕಡೆ ಅದನ್ನೇ ಬಳಸಿ. ನಮ್ಮೂರಿನ ಇಂಗ್ಲಿಷ್ ಸ್ಪೆಲಿಂಗ್ 2014ರಲ್ಲೇ `Bellary` ಹೋಗಿ `Ballari` ಆಯಿತು. ಇವತ್ತಿಗೂ ಜನ ಎರಡನ್ನೂ ಟೈಪ್ ಮಾಡುತ್ತಾರೆ. ಅದಕ್ಕೆ ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸ್ಪೆಲಿಂಗನ್ನೂ ಹಾಕಿ. ಹುಡುಕಿದಾಗ ಅದೂ ಸಿಗುತ್ತದೆ.

ರಾಯಚೂರಿನ ವಾರಪತ್ರಿಕೆ ಸಂಪಾದಕರು: ಹೆಸರು ಸುಮ್ನೆ ಇಟ್ಟುಕೊಳ್ಳೋಕೆ ಆಗಲ್ಲರೀ. ಪ್ರೆಸ್ ರಿಜಿಸ್ಟ್ರಾರ್ ಜನರಲ್ ಅವರಿಂದ ಶೀರ್ಷಿಕೆ ಪಾಸ್ ಆಗಬೇಕು. ನಮ್ಮ ವಾರಪತ್ರಿಕೆಗೆ ಮೊದಲು ಕೊಟ್ಟ ಹೆಸರು ತಿರಸ್ಕಾರ ಆಗಿ, ಬೇರೆ ಹೆಸರು ಕೊಡಬೇಕಾಯಿತು. ಅಷ್ಟರಲ್ಲಿ ಬೋರ್ಡು, ರಸೀದಿ ಪುಸ್ತಕ ಎಲ್ಲಾ ಪ್ರಿಂಟ್ ಆಗಿತ್ತು.

ಬಳ್ಳಾರಿಯವರು: ಸರ್, ಅದು ಅಚ್ಚಾಗುವ ಪತ್ರಿಕೆಗೆ. ಇವರದು ಬರೀ ಮೇಲ್, ಆ ನೋಂದಣಿ ಇವರಿಗೆ ಬರುವುದಿಲ್ಲ. ಆದರೂ ನೀವು ನೆನಪಿಸಿದ್ದು ಒಳ್ಳೆಯದಾಯಿತು. 2024ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಹೊಸ ಕಾಯ್ದೆಯ ಪ್ರಕಾರ, ಅದೇ ಭಾಷೆಯಲ್ಲಿ ದೇಶದ ಎಲ್ಲಿಯಾದರೂ, ಅಥವಾ ಅದೇ ರಾಜ್ಯದಲ್ಲಿ ಯಾವ ಭಾಷೆಯಲ್ಲಾದರೂ, ಬೇರೆಯವರ ಹತ್ತಿರ ಅದೇ ಹೆಸರು ಅಥವಾ ಅದರಂಥ ಹೆಸರು ಇದ್ದರೆ ಸಿಗುವುದಿಲ್ಲ. ಗಂಗಾವತಿಯವರು ಮುಂದೆ ಅಚ್ಚು ಹಾಕುವ ಆಸೆ ಇಟ್ಟುಕೊಂಡಿದ್ದರೆ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ "ಎಡದಂಡೆ" ಈಗಾಗಲೇ ಇದೆಯಾ ಅಂತ ಹುಡುಕಿ ನೋಡಲಿ. ಅಚ್ಚು ಹಾಕದಿದ್ದರೂ ನೋಡಲಿ. ಅದೇ ಹೆಸರಿನ ಪತ್ರಿಕೆ ಪಕ್ಕದ ಜಿಲ್ಲೆಯಲ್ಲಿದ್ದರೆ ಓದುಗರು ಇಬ್ಬರನ್ನೂ ಒಂದೇ ಅಂದುಕೊಳ್ಳುತ್ತಾರೆ.

ಕುಷ್ಟಗಿಯ ಶಿಕ್ಷಕಿ: ನನಗೆ ಈ ಹೆಸರು ಒಪ್ಪಿಗೆ ಇಲ್ಲ. ಎಡದಂಡೆ ಅಂದರೆ ತುಂಗಭದ್ರಾ ಎಡದಂಡೆ ನಾಲೆ. ನೀರು ಗಂಗಾವತಿ, ಕಾರಟಗಿ ಕಡೆಗೆ ಹೋಗಿ ಮುಂದೆ ಸಿಂಧನೂರು, ಮಾನ್ವಿಗೆ ಹೋಗುತ್ತದೆ. ನಮ್ಮ ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ಊರುಗಳು. ಆ ಹೆಸರು ನೋಡಿದರೆ ಇದು ಭತ್ತದ ಸೀಮೆಯವರ ಸುದ್ದಿ ಅಂತ ನಾವು ತೆರೆಯುವುದೇ ಇಲ್ಲ. "ಸಂತೆಮಾತು" ಅಂತ ಇಡಬಹುದಲ್ವಾ? ಸಂತೆ ಎಲ್ಲಾ ಊರಲ್ಲೂ ಇದೆ, ಅದೂ ವಾರಕ್ಕೊಮ್ಮೆ.

ಬಳ್ಳಾರಿಯವರು: ಮೇಡಂ, ನಿಮ್ಮ ಮಾತಿನಲ್ಲಿ ತೂಕ ಇದೆ. ಅರ್ಧ ಜಿಲ್ಲೆಗೆ "ನಮ್ಮದಲ್ಲ" ಅನ್ನಿಸಿದರೆ ಹೆಸರು ಎಷ್ಟು ಬೇಗ ಗುರುತು ಸಿಕ್ಕರೂ ಪ್ರಯೋಜನವಿಲ್ಲ, ಗುರುತಿಸಿಯೇ ಬಿಟ್ಟುಬಿಡುತ್ತಾರೆ. "ಸಂತೆಮಾತು" ನಾಲ್ಕೇ ಅಕ್ಷರ, ಬೇರೆ ಯಾರದ್ದರ ಜೊತೆಗೂ ಬೆರೆಯುವುದಿಲ್ಲ. ನನಗಿರುವ ಒಂದೇ ಅನುಮಾನ, ಸೇಲ್ ಮೇಲ್‌ಗಳ ನಡುವೆ "ಸಂತೆ" ಅಂತ ಕಂಡರೆ ಅದನ್ನೂ ವ್ಯಾಪಾರದ್ದು ಅಂದುಕೊಳ್ಳುತ್ತಾರಾ ಅಂತ. ಇದನ್ನ ನಾವು ಇಲ್ಲಿ ಕೂತು ತೀರ್ಮಾನ ಮಾಡಲಾಗದು. ಓದುಗರ ಕೈಯಲ್ಲಿರುವ ಫೋನ್‌ನಲ್ಲೇ ನೋಡಬೇಕು.

ಗಂಗಾವತಿಯವರೇ, ಹೀಗೆ ಮಾಡಿ. ನಿಮ್ಮ ಪರಿಚಯದ ಏಳೆಂಟು ಜನರನ್ನು ಆರಿಸಿ. ಅರ್ಧ ನಾಲೆ ಕಡೆಯವರು, ಅರ್ಧ ಕುಷ್ಟಗಿ-ಯಲಬುರ್ಗಾ ಕಡೆಯವರು. ಅಕ್ಷರ ದೊಡ್ಡದು ಮಾಡಿಕೊಂಡ ಹಿರಿಯರು ಒಬ್ಬರಾದರೂ ಇರಲಿ. ಒಂದು ವಾರ ಒಂದು ಹೆಸರಿನಲ್ಲಿ ಕಳಿಸಿ, ಇನ್ನೊಂದು ವಾರ ಇನ್ನೊಂದರಲ್ಲಿ. ಹೆಸರು ಮುಂಚೆ ಹೇಳಬೇಡಿ. ಎರಡು ದಿನ ಬಿಟ್ಟು ಎದುರಿಗೆ ಕೂತು "ಶನಿವಾರದ ಜಿಲ್ಲಾ ಸುದ್ದಿ ಮೇಲ್ ತೋರಿಸಿ" ಅನ್ನಿ. ಬೆರಳು ನಿಮ್ಮ ಪತ್ರ ದಾಟಿ ಕೆಳಗೆ ಹೋಗುತ್ತದಾ ಅಂತ ಗಮನಿಸಿ. ದಾಟಿದರೆ "ಇದನ್ನ ಏನು ಅಂದುಕೊಂಡಿರಿ?" ಅಂತ ಕೇಳಿ. ನಿಮಗೆ ಬೇಕಾಗಿರುವುದು ಆ ಉತ್ತರ.

ಎಷ್ಟು ಜನ ತೆರೆದರು ಅನ್ನುವ ಲೆಕ್ಕ ನಂಬಿ ಹೆಸರು ಆರಿಸಬೇಡಿ. ಪತ್ರದೊಳಗಿನ ಚಿತ್ರ ಇಳಿದರೆ ತೆರೆದರು ಅಂತ ಎಣಿಸುವ ಲೆಕ್ಕ ಅದು. 2021ರಿಂದ ಆಪಲ್‌ನ ಮೇಲ್ ಆಪ್‌ನಲ್ಲಿ ಓದುಗ ತೆರೆಯದಿದ್ದರೂ ಪತ್ರದ ಚಿತ್ರಗಳು ಹಿಂದಿನಿಂದಲೇ ಇಳಿಯುವ ವ್ಯವಸ್ಥೆ ಬಂದಿದೆ. ಅದೂ ಲೆಕ್ಕದಲ್ಲಿ "ತೆರೆದರು" ಅಂತ ಸೇರಿಬಿಡುತ್ತದೆ. ಕೆಲವೇ ನೂರು ಓದುಗರಿದ್ದಾಗ ಅಷ್ಟೇ ಸಾಕು, ಲೆಕ್ಕ ದಾರಿ ತಪ್ಪಿಸುತ್ತದೆ.

ಗಂಗಾವತಿಯಿಂದ: ಎರಡೂ ಹೆಸರು ನೋಡ್ತೀವಿ ಮೇಡಂ. ಇನ್ನೊಂದು ಕೇಳಬೇಕಿತ್ತು. ವಿಷಯದ ಸಾಲಿನಲ್ಲೂ ಪತ್ರಿಕೆಯ ಹೆಸರು ಹಾಕಬೇಕಾ? ಈಗ "ಈ ವಾರದ ಸುದ್ದಿ, ಸಂಚಿಕೆ ಇಂತಿಷ್ಟು" ಅಂತ ಹಾಕ್ತಿದ್ದೀವಿ.

ಬಳ್ಳಾರಿಯವರು: ಬೇಡ. ಹೆಸರು ಮೇಲಿನ ಸಾಲಿನಲ್ಲಿ ಇದೆಯಲ್ಲ. ಸಂಚಿಕೆಯ ಸಂಖ್ಯೆಯಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಆ ಜಾಗದಲ್ಲಿ ವಾರದ ಒಂದು ಸುದ್ದಿಯನ್ನು ಊರಿನ ಹೆಸರಿನ ಸಮೇತ ಹಾಕಿ. "ಕಾರಟಗಿ: ನಾಲೆಗೆ ನೀರು ಯಾವಾಗ?" ಅಂತ ಒಂದು ವಾರ, "ಯಲಬುರ್ಗಾ: ಟ್ಯಾಂಕರ್ ಬಾಡಿಗೆ ಏರಿತು" ಅಂತ ಇನ್ನೊಂದು ವಾರ. ಕಳುಹಿಸಿದವರ ಹೆಸರು ಎಂದೂ ಬದಲಾಗಬಾರದು, ವಿಷಯದ ಸಾಲು ಪ್ರತಿ ವಾರ ಬದಲಾಗಬೇಕು. ಕೆಲವರು ಸಂಪಾದಕರ ಹೆಸರನ್ನು ಮುಂದೆ ಹಾಕಿ ಆಮೇಲೆ ಪತ್ರಿಕೆಯ ಹೆಸರು ಹಾಕುತ್ತಾರೆ. ನೀವು ಮೂವರು ಇರುವುದರಿಂದ ನಾನು ಬೇಡ ಅಂತೀನಿ.

ಕುಷ್ಟಗಿಯ ಶಿಕ್ಷಕಿ: ಅದು ಮಾತ್ರ ಒಪ್ಪಲ್ಲ. ಊರಲ್ಲಿ ಗೊತ್ತಿರುವವರ ಹೆಸರು ಕಂಡರೇ ನಾನು ಮೇಲ್ ತೆರೆಯೋದು.

ಬಳ್ಳಾರಿಯವರು: ಮೂವರಲ್ಲಿ ಒಬ್ಬರು ಊರು ಬಿಟ್ಟರೆ ಹೆಸರು ಬದಲಿಸಬೇಕಾಗುತ್ತದಲ್ಲ ಮೇಡಂ, ನನ್ನ ಹೆದರಿಕೆ ಅದು. ಆದರೆ ನಿಮ್ಮಂತೆ ಓದುವವರು ಜಾಸ್ತಿ ಇದ್ದರೆ ಸಂಪಾದಕರ ಹೆಸರನ್ನು ಪತ್ರದ ಮೊದಲ ಸಾಲಿನಲ್ಲಿ ತರಬಹುದು. "ನಮಸ್ಕಾರ, ಗಂಗಾವತಿಯಿಂದ ಇಂಥವರು ಬರೆಯುತ್ತಿದ್ದೇನೆ" ಅಂತ ಶುರುಮಾಡಿದರೆ ಇನ್‌ಬಾಕ್ಸ್‌ನ ಮೂರನೇ ಸಾಲಿನಲ್ಲಿ ಅದೇ ಕಾಣುತ್ತದೆ. ಈಗ ಅಲ್ಲಿ "ಪತ್ರ ಸರಿಯಾಗಿ ಕಾಣದಿದ್ದರೆ ಇಲ್ಲಿ ಒತ್ತಿ" ಅಂತ ಬರುತ್ತಿದ್ದರೆ ಅದನ್ನ ಮೊದಲು ತೆಗೆಯಿರಿ.