‘ಕಂಟೆಂಟ್ ಕಂಟ್ರೋಲ್’ಗೆ ಕನ್ನಡದಲ್ಲಿ ಏನೆನ್ನೋಣ? ‘ಅಲೈನ್‌ಮೆಂಟ್’ಗೆ?

ಎಂ.ಆರ್., ಮೈಸೂರು

ನಮಸ್ಕಾರ. ಕಚೇರಿ ಸಿಬ್ಬಂದಿಗಾಗಿ ಬರೆಯುತ್ತಿರುವ ಕೈಪಿಡಿಯ ಒಂದು ಅಧ್ಯಾಯದ ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ. ವರ್ಡ್‌ನಲ್ಲಿ ಕಂಟೆಂಟ್ ಕಂಟ್ರೋಲ್ ಇಟ್ಟು ಮಾಡಿದ ಅರ್ಜಿ ನಮೂನೆಯನ್ನು ಅಲೈನ್‌ಮೆಂಟ್ ಕೆಡದ ಹಾಗೆ ಫಿಲ್ಲಬಲ್ ಪಿಡಿಎಫ್ ಮಾಡುವುದು ಹೇಗೆ ಎಂಬುದು ಅದರ ವಿಷಯ. ಯಂತ್ರಾನುವಾದ ಕೊಟ್ಟದ್ದು ‘ವಿಷಯ ನಿಯಂತ್ರಣ’. ಓದಿದವರಿಗೆ ಸೆನ್ಸಾರ್ ಮಂಡಳಿ ನೆನಪಾಗುತ್ತದೆ. ಅಲೈನ್‌ಮೆಂಟ್‌ಗೆ ‘ಜೋಡಣೆ’ ಎಂದರೆ ಸೈಕಲ್ ಬಿಡಿಭಾಗ ಸೇರಿಸಿದ ಹಾಗಿದೆ. ಎರಡಕ್ಕೂ ‘ತುಂಬುವ ಜಾಗ’, ‘ಜಾಗ ಕದಲದಂತೆ’ ಎಂದು ಬರೆದುಬಿಡಲೇ?

ಎಸ್.ಕೆ., ಹುಬ್ಬಳ್ಳಿ

ಎಂ.ಆರ್. ಅವರೇ, ವರ್ಡ್‌ನ ಕಂಟೆಂಟ್ ಕಂಟ್ರೋಲ್, ಪಿಡಿಎಫ್‌ನ ಫೀಲ್ಡ್ ಎರಡಕ್ಕೂ ‘ತುಂಬುವ ಜಾಗ’ ಎಂದರೆ ಕೈಪಿಡಿ ತಪ್ಪು ಹೇಳಿದಂತಾಗುತ್ತದೆ. ವರ್ಡ್‌ನ ಕಂಟೆಂಟ್ ಕಂಟ್ರೋಲ್ ಜಾಗವೇ ಅಲ್ಲ, ಅಕ್ಷರಗಳಿಗೆ ತೊಡಿಸಿದ ಚೀಲ. ಒಳಗೆ ‘ರವಿ’ ಎಂದು ಬರೆದರೆ ಎರಡಕ್ಷರದಷ್ಟು ಅಗಲ, ಉದ್ದ ಹೆಸರು ಬರೆದರೆ ಅದೂ ಉದ್ದ. ಅದರ ಮುಂದಿರುವ ‘ವಯಸ್ಸು’ ಎಂಬ ಪದ ಅಷ್ಟು ದೂರ ಸರಿಯುತ್ತದೆ. ಪಿಡಿಎಫ್‌ನ ಫೀಲ್ಡ್ ಹಾಗಲ್ಲ. ಅದು ಪುಟದ ಮೇಲೆ ಅಳತೆ ಕೊಟ್ಟು ಕೂರಿಸಿದ ಚೌಕ, ಒಳಗೆ ಏನೇ ಬರೆದರೂ ಅಲ್ಲಾಡುವುದಿಲ್ಲ.

ವರ್ಡ್‌ನಿಂದ `Save As` ಮೂಲಕ ಪಿಡಿಎಫ್ ಮಾಡಿದರೆ ಆ ಚೀಲ ಮಾಯವಾಗಿ ಒಳಗಿನ ಅಕ್ಷರ ಮಾತ್ರ ಉಳಿಯುತ್ತದೆ. `Click or tap here to enter text.` ಎಂಬ ಬೂದು ಬರಹವೂ ಕಾಗದಕ್ಕೆ ಅಚ್ಚಾದ ಹಾಗೆ ಅಲ್ಲೇ ಕೂರುತ್ತದೆ. ಅದರ ಮೇಲೆ ಫೀಲ್ಡ್ ಇಟ್ಟರೆ ಬರೆದ ಹೆಸರು, ಬೂದು ಬರಹ ಎರಡೂ ಒಂದರ ಮೇಲೊಂದು ಕಾಣುತ್ತವೆ. ಹಾಗಾಗಿ ಇಲ್ಲಿ ನಡೆಯುವುದು ಪರಿವರ್ತನೆಯಲ್ಲ. ಒಂದನ್ನು ತೆಗೆದು ಅದರ ಜಾಗದಲ್ಲಿ ಬೇರೊಂದನ್ನು ಇಡುವುದು.

ಜಿ., ಶಿವಮೊಗ್ಗ

ಇಷ್ಟು ಕಷ್ಟ ಯಾಕೆ? ಲಿಬ್ರೆ ಆಫೀಸ್‌ನಲ್ಲಿ ಅದೇ ಡಾಕ್ಸ್ ಕಡತ ತೆರೆದು, ಪಿಡಿಎಫ್‌ಗೆ ಎಕ್ಸ್‌ಪೋರ್ಟ್ ಮಾಡುವಾಗ `Create PDF form` ಗುರುತು ಹಾಕಿ. ಕಂಟೆಂಟ್ ಕಂಟ್ರೋಲ್‌ಗಳೆಲ್ಲ ಫೀಲ್ಡ್ ಆಗಿ ಬರುತ್ತವೆ. ಪದ ಹುಡುಕುವ ಕೆಲಸವೂ ತಪ್ಪುತ್ತದೆ.

ಎಸ್.ಕೆ., ಹುಬ್ಬಳ್ಳಿ

ಬರುತ್ತವೆ, ಸರ್. ಆದರೆ ಎಷ್ಟು ಅಗಲದಲ್ಲಿ ಬರುತ್ತವೆ ನೋಡಿ. ಎಕ್ಸ್‌ಪೋರ್ಟ್ ಮಾಡುವ ಹೊತ್ತಿಗೆ ಚೀಲದೊಳಗೆ ಎಷ್ಟು ಅಕ್ಷರ ಇದೆಯೋ ಅಷ್ಟೇ ಅಗಲದ ಫೀಲ್ಡ್ ಆಗುತ್ತದೆ. ಬೂದು ಬರಹ ‘ಊರು’ ಎಂದಿದ್ದರೆ ಎರಡಕ್ಷರದ ಕಿಂಡಿ ಸಿಗುತ್ತದೆ, ಅದರಲ್ಲಿ ‘ಚಿಕ್ಕನಾಯಕನಹಳ್ಳಿ’ ಬರೆಯಬೇಕು. ಆ ದಾರಿಯಲ್ಲೇ ಹೋಗುವುದಾದರೆ ಮೊದಲು ಬೂದು ಬರಹವನ್ನು ಬೇಕಾದಷ್ಟು ಉದ್ದ ಮಾಡಿಕೊಳ್ಳಬೇಕು, ಆದರೆ ಅದು ಎರಡನೇ ಸಾಲಿಗೆ ಹರಿಯಬಾರದು. ಇನ್ನೊಂದು ಮಾತು: ನಮೂನೆಯನ್ನು ತುಂಗಾದಲ್ಲಿ ಮಾಡಿದ್ದು ಆ ಯಂತ್ರದಲ್ಲಿ ತುಂಗಾ ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಕೂರುತ್ತದೆ. ಕನ್ನಡ ಫಾಂಟ್‌ಗಳ ಸಾಲಿನ ಎತ್ತರ ಒಂದಕ್ಕೊಂದು ಹೊಂದುವುದಿಲ್ಲ, ಅರ್ಜಿಯ ಕೊನೆಯ ಸಹಿ ಮುಂದಿನ ಪುಟಕ್ಕೆ ಹೋಗುವುದು ಅದರಿಂದಲೇ.

ನಾನು ಒಪ್ಪುವ ದಾರಿ ಇದು. ಎ4 ಹಾಳೆ, ಎರಡೂ ಕಡೆ 25 ಮಿ.ಮೀ. ಅಂಚು ಎಂದುಕೊಳ್ಳಿ, ಉಳಿಯುವುದು 160. ಮೂಲ ಕಡತದ ಪ್ರತಿ ತೆಗೆದು, ಟ್ಯಾಬ್ ಮತ್ತು ಚುಕ್ಕೆ ಸಾಲುಗಳನ್ನೆಲ್ಲ ಅಳಿಸಿ, 55 ಮತ್ತು 105 ಮಿ.ಮೀ.ನ ಎರಡು ಅಂಕಣಗಳ ಟೇಬಲ್ ಹಾಕಿ. ಟೇಬಲ್ ಪ್ರಾಪರ್ಟೀಸ್‌ನಲ್ಲಿ `Automatically resize to fit contents` ಗುರುತನ್ನು ತೆಗೆಯಿರಿ. ಸಾಲಿನ ಎತ್ತರ 9 ಮಿ.ಮೀ. ಕೊಟ್ಟು, ಪಕ್ಕದಲ್ಲಿ `At least` ಬದಲು `Exactly` ಆರಿಸಿ. ಬಲಗಡೆಯ ಕಂಟೆಂಟ್ ಕಂಟ್ರೋಲ್‌ಗಳನ್ನು ಬೂದು ಬರಹದ ಸಮೇತ ತೆಗೆದು ಖಾಲಿ ಬಿಡಿ. ಅಳಿಸಲು ಬಿಡದಿದ್ದರೆ ಅದರ ಪ್ರಾಪರ್ಟೀಸ್‌ನಲ್ಲಿ `Content control cannot be deleted` ಗುರುತು ಇರುತ್ತದೆ. ಆಮೇಲೆ ಪಿಡಿಎಫ್ ಮಾಡಿ, ಅಕ್ರೊಬ್ಯಾಟ್‌ನ `Prepare Form`ನಲ್ಲಿ ತೆರೆಯಿರಿ. ಗೆರೆ ಇರುವ ಖಾಲಿ ಚೌಕ ಕಂಡಲ್ಲಿ ಅಕ್ರೊಬ್ಯಾಟ್ ತಾನೇ ಫೀಲ್ಡ್ ಹಾಕುತ್ತದೆ. ಒಂದೆರಡು ಓರೆಯಾಗಿದ್ದರೆ ಎಲ್ಲವನ್ನೂ ಆಯ್ದು, ಸರಿಯಾಗಿ ಕೂತಿರುವ ಫೀಲ್ಡ್‌ನ ಮೇಲೆ ಬಲ ಕ್ಲಿಕ್ ಮಾಡಿ ಎಡಕ್ಕೆ ಅಲೈನ್ ಮಾಡಿ. ಉಳಿದವು ಅದನ್ನು ನೋಡಿಕೊಂಡು ಸರಿಯುತ್ತವೆ. ಅಕ್ಷರದ ಗಾತ್ರ `Auto` ಬಿಡಬೇಡಿ, 11 ಎಂದು ಕೊಡಿ. ಇಲ್ಲದಿದ್ದರೆ ಒಂದೊಂದು ಚೌಕದಲ್ಲಿ ಒಂದೊಂದು ಗಾತ್ರ.

ಲ., ಮಂಗಳೂರು

ನಮ್ಮಲ್ಲಿಯೂ ಅಲೈನ್‌ಮೆಂಟ್ ಹೋಗುತ್ತದೆ. ‘ಶಾಸ್ತ್ರಿ’ ಎಂದು ಬರೆದರೆ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅದನ್ನೂ ಟೇಬಲ್ ಸರಿಮಾಡುತ್ತದೆಯೇ?

ಎಸ್.ಕೆ., ಹುಬ್ಬಳ್ಳಿ

ಇಲ್ಲ ಮೇಡಂ, ಅದು ಬೇರೆಯೇ ಕಾಯಿಲೆ. ಒತ್ತಕ್ಷರ ಕೂಡಿಸುವ ಕೆಲಸ ಪಿಡಿಎಫ್ ತೆರೆಯುವ ತಂತ್ರಾಂಶದ್ದು, ಅದನ್ನು ಎಲ್ಲವೂ ಒಂದೇ ಥರ ಮಾಡುವುದಿಲ್ಲ. ಫೀಲ್ಡ್‌ನ ಫಾಂಟ್ ಹೆಲ್ವೆಟಿಕಾ ಎಂದೇ ಉಳಿದಿದ್ದರೆ ಅದರಲ್ಲಿ ಕನ್ನಡವೇ ಇಲ್ಲ. ಮೊದಲು ನಿರ್ಮಲಾ ಯುಐ ಅಥವಾ ನೋಟೊ ಕನ್ನಡಕ್ಕೆ ಬದಲಿಸಿ ನೋಡಿ. ಆಮೇಲೂ ಒಡೆದರೆ ಅರ್ಜಿದಾರರ ಫೋನಿನಲ್ಲಿ ಹೇಗೆ ಕಾಣುತ್ತದೆ ಎಂದು ನಾನು ಭರವಸೆ ಕೊಡಲಾರೆ. ಹಳೆಯ ನುಡಿ ಆಸ್ಕಿ ಫಾಂಟ್‌ನಲ್ಲಿ ಬರೆದದ್ದನ್ನು ಫೀಲ್ಡ್‌ಗೆ ಅಂಟಿಸಿದರಂತೂ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ.

ಎಂ.ಆರ್., ಮೈಸೂರು

ಹಾಗಾದರೆ ‘ಅಲೈನ್‌ಮೆಂಟ್ ಹೋಯಿತು’ ಎಂಬ ಒಂದೇ ಮಾತಿನಲ್ಲಿ ಮೂರು ದೂರುಗಳಿವೆ. ಒಂದು ಪ್ರಶ್ನೆ: ಮೊದಲ ಸಲ ಸರಿ ಬಂದ ಪಿಡಿಎಫ್, ನಮೂನೆ ತಿದ್ದಿದ ಮೇಲೆ ಯಾಕೆ ಕೆಡುತ್ತದೆ?

ಎಸ್.ಕೆ., ಹುಬ್ಬಳ್ಳಿ

ತಿದ್ದಿದ ಪುಟವನ್ನು ಅಕ್ರೊಬ್ಯಾಟ್‌ನ `Replace`ನಿಂದ ಹಳೆಯದರ ಜಾಗಕ್ಕೆ ಹಾಕಿದರೆ ಬದಲಾಗುವುದು ಅಚ್ಚು ಮಾತ್ರ, ಫೀಲ್ಡ್‌ಗಳು ಹಳೆಯ ಜಾಗದಲ್ಲೇ ಉಳಿಯುತ್ತವೆ. ಎಂಟು ಸಾಲಿನ ಟೇಬಲ್‌ನಲ್ಲಿ ಎತ್ತರವನ್ನು 9ರಿಂದ 10 ಮಿ.ಮೀ.ಗೆ ಏರಿಸಿದಿರಿ ಎನ್ನಿ. ಮೊದಲ ಸಾಲು ನೆಟ್ಟಗೇ ಇರುತ್ತದೆ, ಎಂಟನೆಯದು ಶುರುವಾಗುವ ಜಾಗ 7 ಮಿ.ಮೀ. ಕೆಳಗಿಳಿದಿರುತ್ತದೆ. ಅಲ್ಲಿನ ಫೀಲ್ಡ್ ಹೆಚ್ಚುಕಡಿಮೆ ಏಳನೇ ಸಾಲಿನೊಳಗೆ ಕೂತಿರುತ್ತದೆ.

ಇದರಿಂದ ಕಾರಣವನ್ನೂ ಹಿಡಿಯಬಹುದು. ಕೆಳಗೆ ಹೋದಂತೆ ವ್ಯತ್ಯಾಸ ಹೆಚ್ಚಿದರೆ ಸಾಲಿನ ಎತ್ತರ ಬದಲಾಗಿದೆ. ಎಲ್ಲವೂ ಸಮನಾಗಿ ಸರಿದಿದ್ದರೆ ಮೇಲಿನ ಅಂಚು ಅಥವಾ ತಲೆಬರಹ. ಅಡ್ಡ, ಉದ್ದ ಎರಡೂ ಕಡೆ ಕುಗ್ಗಿದ ಹಾಗೆ ಕಂಡರೆ 297 ಮಿ.ಮೀ. ಉದ್ದದ ಎ4 ಪುಟವನ್ನು ಯಾರೋ 279ರ ಲೆಟರ್ ಹಾಳೆಗೆ ಪ್ರಿಂಟ್ ಕೊಟ್ಟು ಪಿಡಿಎಫ್ ಮಾಡಿದ್ದಾರೆ.

ವಿ., ಸಾಗರ

ಪದಕ್ಕೆ ಮರಳುತ್ತೇನೆ. ಚದುರಂಗದಲ್ಲಿ, ಚೌಕಾಬಾರದಲ್ಲಿ ನಾವು ‘ಮನೆ’ ಎನ್ನುತ್ತೇವೆ, ಕಾಯಿ ಬಂದು ಕೂರುವ, ತಾನು ಕದಲದ ಚೌಕ. ಪಿಡಿಎಫ್‌ನ ಫೀಲ್ಡ್‌ಗೆ ‘ತುಂಬುಮನೆ’ ಸಾಕು. ವರ್ಡ್‌ನದಕ್ಕೆ ಎಸ್.ಕೆ. ಅವರ ‘ಚೀಲ’ ಚೆನ್ನಾಗಿದೆ, ಆದರೆ ಕೈಪಿಡಿಯಲ್ಲಿ ‘ಬರಹಚೀಲ’ ಎಂದರೆ ಜನ ನಕ್ಕಾರು. ಶಾಲೆಯ ‘ಬಿಟ್ಟ ಸ್ಥಳ’ ಹೇಗೆ?

ಎಂ.ಆರ್., ಮೈಸೂರು

‘ಬಿಟ್ಟ ಸ್ಥಳ’ ಎಂದರೂ ಮತ್ತೆ ಸ್ಥಳವೇ ಆಯಿತಲ್ಲ ವಿ. ಅವರೇ. ಸದ್ಯಕ್ಕೆ ಹೀಗೆ ಬರೆದಿದ್ದೇನೆ: ‘ವರ್ಡ್‌ನ ಕಂಟೆಂಟ್ ಕಂಟ್ರೋಲ್‌ಗಳನ್ನು ತೆಗೆದು, ಪಿಡಿಎಫ್‌ನಲ್ಲಿ ಅದೇ ಗೆರೆಗಳೊಳಗೆ ತುಂಬುಮನೆಗಳನ್ನು ಕೂರಿಸುವುದು.’ ಅಲೈನ್‌ಮೆಂಟ್ ಪದ ಬೇಕಾಗಲೇ ಇಲ್ಲ.

ಜಿ., ಶಿವಮೊಗ್ಗ

‘ತುಂಬುಮನೆ’ ಎಂದರೆ ನಮ್ಮ ಕಡೆ ಮಕ್ಕಳುಮರಿ ಇರುವ ಮನೆ. ‘ಭರ್ತಿ ಚೌಕ’ ಅನ್ನಿ. ಬೂದು ಬರಹ ಉದ್ದ ಮಾಡಿ ನೋಡಿದೆ, ಲಿಬ್ರೆಯಲ್ಲೂ ಸರಿಯಾಗಿ ಬಂತು; ವಿಳಾಸದ್ದು ಎರಡು ಸಾಲು, ಅದೊಂದು ಮಾತ್ರ ಬರಲಿಲ್ಲ.