ಎದೆಯ ನೀರಿನ ರಿಪೋರ್ಟ್‌ನಲ್ಲಿ ಎಕ್ಸುಡೇಟ್ ಎಂದಿದೆ, ಅಪ್ಪನಿಗೆ ಟಿಬಿ ಇರಬಹುದಾ?

ಕೇಳಿದವರು, ತುಮಕೂರು: ಅಪ್ಪನಿಗೆ 68 ವರ್ಷ. ಹಾರ್ಟ್ ಪಂಪಿಂಗ್ ಕಡಿಮೆ ಇದೆ, ಮೂರು ವಾರದಿಂದ ಲ್ಯಾಸಿಕ್ಸ್ ಮಾತ್ರೆ ನಡೀತಿದೆ. ಬಲಗಡೆ ಎದೆಯಲ್ಲಿ ನೀರು ತುಂಬಿ, ಸೂಜಿ ಹಾಕಿ ತೆಗೆದರು. ನೀರಿನಲ್ಲಿ ಪ್ರೋಟೀನ್ 3.6, ಎಲ್‌ಡಿಎಚ್ 140, ಲಿಂಫೋಸೈಟ್ 80%, ಎಡಿಎ 18. ರಿಪೋರ್ಟ್ ಕೆಳಗೆ ಎಕ್ಸುಡೇಟ್ ಎಂದು ಬರೆದಿದ್ದಾರೆ. ಟಿಬಿ ಮಾತ್ರೆ ಶುರು ಮಾಡೋಣ ಎನ್ನುತ್ತಿದ್ದಾರೆ. ಯಾರಿಗಾದರೂ ಹೀಗಾಗಿತ್ತಾ?

ಮೆಡಿಕಲ್ ಶಾಪ್ ನಡೆಸುವವರು, ಹಾಸನ: ಪ್ರೋಟೀನ್ 3 ದಾಟಿದರೆ ಎಕ್ಸುಡೇಟ್, ಅಂದರೆ ಇನ್‌ಫೆಕ್ಷನ್. ನಮ್ಮ ಕಡೆ ಎದೆಯಲ್ಲಿ ನೀರು ಬಂದವರಿಗೆ ಜಾಸ್ತಿ ಟಿಬಿಯೇ ಇರುತ್ತದೆ. ತಡ ಮಾಡಬೇಡಿ.

ಒಬ್ಬರು, ದಾವಣಗೆರೆ: ನಮ್ಮಮ್ಮನಿಗೂ ಹೀಗೇ ನೀರು ತುಂಬಿತ್ತು, ಆದರೆ ಹೊಟ್ಟೆಯಲ್ಲಿ. ಲಿವರ್ ತೊಂದರೆ ಎಂದರು. ಉಪ್ಪು ಕಡಿಮೆ ಮಾಡಿಸಿದ ಮೇಲೆ ಎಷ್ಟೋ ವಾಸಿ. ನೀವೂ ಉಪ್ಪು ಬಿಡಿಸಿ ನೋಡಿ.

ಎದೆರೋಗದ ಡಾಕ್ಟರ್, ಮೈಸೂರು: ಎಕ್ಸುಡೇಟ್ ಎಂದರೆ ಉರಿಯೂತ ಅಥವಾ ಕ್ಯಾನ್ಸರ್‌ನಂಥ ಕಾಯಿಲೆಯಿಂದ ಜಿನುಗಿದ ನೀರು, ಇನ್‌ಫೆಕ್ಷನ್ ಒಂದೇ ಅಲ್ಲ. ಮೊದಲು ಒಂದು ಕೇಳಬೇಕು. ಅವತ್ತೇ ರಕ್ತ ಕೂಡ ತೆಗೆದಿದ್ದರಾ? ಬರೀ ನೀರಿನ ಪ್ರೋಟೀನ್ ನೋಡಿ ಹೇಳುವುದು ಹಳೆಯ ಪದ್ಧತಿ. 1972ರಲ್ಲಿ ಲೈಟ್ ಎಂಬುವರು ಹಾಕಿಕೊಟ್ಟ ಲೆಕ್ಕ ಇವತ್ತಿಗೂ ನಡೆಯುತ್ತಿದೆ. ಅದರಲ್ಲಿ ನೀರನ್ನು ರಕ್ತದ ಜೊತೆ ಹೋಲಿಸಿಯೇ ನೋಡಬೇಕು.

ಕೇಳಿದವರು: ಹೌದು ಡಾಕ್ಟ್ರೇ, ಅವತ್ತೇ ತೆಗೆದಿದ್ದರು. ರಕ್ತದ ಪ್ರೋಟೀನ್ 6.8, ಎಲ್‌ಡಿಎಚ್ 240, ನಾರ್ಮಲ್ 250ರವರೆಗೆ ಎಂದಿದೆ. ಆಲ್ಬುಮಿನ್ ರಕ್ತದಲ್ಲಿ 3.6, ನೀರಿನಲ್ಲಿ 2.1.

ಎದೆರೋಗದ ಡಾಕ್ಟರ್: ಹಾಗಾದರೆ ಲೆಕ್ಕ ಹಾಕೋಣ. 3.6 ಅನ್ನು 6.8ರಿಂದ ಭಾಗಿಸಿದರೆ 0.53. ಗಡಿ 0.5, ಸ್ವಲ್ಪ ದಾಟಿದೆ. ಎಲ್‌ಡಿಎಚ್ 140 ಅನ್ನು 240ರಿಂದ ಭಾಗಿಸಿದರೆ 0.58. ಗಡಿ 0.6, ದಾಟಿಲ್ಲ. ಮೂರನೆಯದು, ನೀರಿನ ಎಲ್‌ಡಿಎಚ್ 250ರ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 167 ದಾಟಬೇಕು. ಅದೂ ಇಲ್ಲ. ಮೂರರಲ್ಲಿ ಒಂದು ದಾಟಿದರೂ ಎಕ್ಸುಡೇಟ್ ಎಂಬುದು ನಿಯಮ, ಹಾಗಾಗಿ ಲ್ಯಾಬ್‌ನವರು ಬರೆದದ್ದು ತಪ್ಪಲ್ಲ. ಆದರೆ ಈ ನಿಯಮ ಎಕ್ಸುಡೇಟ್ ಒಂದೂ ಕೈತಪ್ಪದಿರಲಿ ಎಂದು ಮಾಡಿದ್ದು. ಅದಕ್ಕೇ ಹಾರ್ಟ್‌ನಿಂದ ಬಂದ ನೀರಿಗೂ ಎಷ್ಟೋ ಸಲ ಅದೇ ಹೆಸರು ಬೀಳುತ್ತದೆ. ಲ್ಯಾಸಿಕ್ಸ್ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ. ಮಾತ್ರೆ ನೀರನ್ನು ಎಳೆಯುತ್ತದೆ, ಪ್ರೋಟೀನ್ ಹಿಂದೆ ಉಳಿಯುತ್ತದೆ. ಸಾರು ಇಂಗಿದರೆ ಉಪ್ಪಾಗುವುದಿಲ್ಲವೇ, ಹಾಗೆ.

ಇಂಥ ಕಡೆ ನಾವು ಕಳೆದು ನೋಡುತ್ತೇವೆ. ರಕ್ತದ ಆಲ್ಬುಮಿನ್‌ನಿಂದ ನೀರಿನದ್ದು ಕಳೆದರೆ 1.5. ಇದು 1.2ಕ್ಕಿಂತ ಜಾಸ್ತಿ ಇದ್ದರೆ ಟ್ರಾನ್ಸುಡೇಟ್, ಅಂದರೆ ಉರಿಯೂತವಿಲ್ಲದೆ ಒತ್ತಡಕ್ಕೆ ಜಿನುಗಿದ ನೀರಿನ ಕಡೆಗೇ ವಾಲುತ್ತದೆ. ನನಗೆ ಇದು ಹಾರ್ಟ್‌ನ ನೀರಿನ ಹಾಗೇ ಕಾಣುತ್ತಿದೆ.

ಮೆಡಿಕಲ್ ಶಾಪ್ ನಡೆಸುವವರು: ಮತ್ತೆ ಲಿಂಫೋಸೈಟ್ 80% ಇದೆಯಲ್ಲ ಸರ್? ಅದು ಟಿಬಿ ಲಕ್ಷಣ ಅಲ್ವಾ?

ಎದೆರೋಗದ ಡಾಕ್ಟರ್: ಟಿಬಿಯಲ್ಲಿ ಲಿಂಫೋಸೈಟ್ ಜಾಸ್ತಿ ಇರುವುದು ನಿಜ. ಆದರೆ ಹಾರ್ಟ್‌ನ ನೀರಿನಲ್ಲೂ, ಕ್ಯಾನ್ಸರ್‌ನಲ್ಲೂ ಅದೇ ಇರಬಹುದು. ಅದಕ್ಕೇ ಎಡಿಎ ಎಂಬ ಕಿಣ್ವದ ಪರೀಕ್ಷೆ ಬೇಕು. ಲಿಂಫೋಸೈಟ್ ಜೊತೆ ಎಡಿಎ 40 ದಾಟಿದ್ದರೆ ನಾನೂ ಟಿಬಿಯನ್ನೇ ಮೊದಲು ಯೋಚಿಸುತ್ತಿದ್ದೆ. 18 ಇರುವಾಗ, ಜ್ವರವೂ ಇಲ್ಲದಿದ್ದರೆ, ಆರು ತಿಂಗಳ ಮಾತ್ರೆ ಶುರು ಮಾಡುವ ಮುಂಚೆ ನಿಲ್ಲುತ್ತೇನೆ. ಎಡಿಎ ಒಂದೇ ಜಾಸ್ತಿ ಇದ್ದರೂ ಸಾಲದು, ಕೀವು ತುಂಬಿದಾಗಲೂ ಅದು ಏರುತ್ತದೆ.

ಲ್ಯಾಬ್ ಟೆಕ್ನಿಷಿಯನ್, ಹುಬ್ಬಳ್ಳಿ: ಒಂದು ಮಾತು ಸೇರಿಸುತ್ತೇನೆ. ಆ ರಕ್ತದ ಸ್ಯಾಂಪಲ್ ಹಿಮೊಲೈಸ್ ಆಗಿತ್ತಾ ಎಂದು ಕೇಳಿ. ರಕ್ತ ತೆಗೆಯುವಾಗ ಸಿರಿಂಜ್ ಜೋರಾಗಿ ಎಳೆದರೆ ಕಣಗಳು ಒಡೆಯುತ್ತವೆ. ಸೀರಮ್ ಹಳದಿ ಇರಬೇಕಾದದ್ದು ಕೆಂಪಗೆ ಕಾಣುತ್ತದೆ, ಎಲ್‌ಡಿಎಚ್ ಸುಮ್ನೆ ಏರುತ್ತದೆ. ನಿಜವಾದ ಎಲ್‌ಡಿಎಚ್ 220 ಇದ್ದು 240 ಎಂದು ಬಂದಿದ್ದರೆ, ನಿಮ್ಮ 0.58 ಹೋಗಿ 0.64 ಆಗುತ್ತದೆ. ಆಗ ಎರಡು ಗಡಿ ದಾಟಿದಂತಾಯಿತು.

ಎದೆರೋಗದ ಡಾಕ್ಟರ್: ಒಳ್ಳೆಯ ಮಾತು. ಆಗಲೂ ಆಲ್ಬುಮಿನ್ ಲೆಕ್ಕ ಬದಲಾಗುವುದಿಲ್ಲ, ಆದರೆ ನನ್ನ ಧೈರ್ಯ ಸ್ವಲ್ಪ ಕಡಿಮೆಯಾಗುತ್ತದೆ. ರಕ್ತದಲ್ಲಿ ಎನ್‌ಟಿ-ಪ್ರೋಬಿಎನ್‌ಪಿ ಮಾಡಿಸಿದರೆ ಹಾರ್ಟ್ ಮೇಲಿನ ಹೊರೆ ತಿಳಿಯುತ್ತದೆ, ಸಹಾಯವಾಗುತ್ತದೆ. ಹಾರ್ಟ್ ಡಾಕ್ಟರ್ ಹತ್ತಿರ ಮಾತ್ರೆ ಸರಿಪಡಿಸಿಕೊಂಡು ಮತ್ತೆ ಎಕ್ಸ್-ರೇ ತೆಗೆಸಿ. ನೀರು ಇಳಿದರೆ ಸರಿ. ಇಳಿಯದಿದ್ದರೆ ಮತ್ತೊಮ್ಮೆ ತೆಗೆಯಬೇಕು.

ಕೇಳಿದವರು: ಜ್ವರ ಇಲ್ಲ ಡಾಕ್ಟ್ರೇ. ಆದರೆ ತೂಕ 4 ಕೆಜಿ ಇಳಿದಿದೆ. ಮೊದಲು ಬೀಡಿ ಸೇದುತ್ತಿದ್ದರು.

ಎದೆರೋಗದ ಡಾಕ್ಟರ್: ಲ್ಯಾಸಿಕ್ಸ್‌ಗೆ ಮೈಯ ನೀರು ಹೋಗಿಯೇ ತೂಕ ಇಳಿದಿರಬಹುದು. ಆದರೆ ಬೀಡಿ ಎಂದಿರಿ, ನೀರೂ ಒಂದೇ ಕಡೆ ಇದೆ. ಆ ನೀರನ್ನು ಸೈಟಾಲಜಿಗೆ, ಅಂದರೆ ಕ್ಯಾನ್ಸರ್ ಕಣ ಹುಡುಕುವ ಪರೀಕ್ಷೆಗೆ ಕಳಿಸಿದ್ದರಾ? ಕಳಿಸಿ ನೆಗೆಟಿವ್ ಬಂದಿದ್ದರೂ ಅಷ್ಟಕ್ಕೇ ಬಿಡಬೇಡಿ. ಕ್ಯಾನ್ಸರ್ ಇದ್ದರೂ ಮೊದಲ ಸ್ಯಾಂಪಲ್‌ನಲ್ಲಿ ಎಷ್ಟೋ ಸಲ ಸಿಗುವುದಿಲ್ಲ. ನೀರು ಖಾಲಿಯಾದ ಮೇಲೆ ಎದೆಯ ಸಿಟಿ ಮಾಡಿಸುವ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ.

ಕೇಳಿದವರು: ರಿಪೋರ್ಟ್‌ನಲ್ಲಿ ಸೈಟಾಲಜಿ ಎಂದು ಎಲ್ಲೂ ಕಾಣುತ್ತಿಲ್ಲ. ನಾಳೆ ಹೋಗಿ ಕೇಳುತ್ತೇನೆ.