ಸಹಾಯ ಬೇಕು: ಏಳರಿಂದ ಎಂಟಕ್ಕೆ ಹೋಗುವ ಮಕ್ಕಳು, ಭಾಗಾಕಾರದ ಸೊನ್ನೆ

ನಮಸ್ಕಾರ. ನಾನು ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಏಳನೆಯ ತರಗತಿಯೇ ಕೊನೆ. ಬರುವ ಜೂನ್‌ನಿಂದ 11 ಮಕ್ಕಳು ಬಸ್ಸಿನಲ್ಲಿ ಪಕ್ಕದ ಊರಿನ ಪ್ರೌಢಶಾಲೆಗೆ ಹೋಗಬೇಕು.

ಭಯ ಅರ್ಧ ಇಳಿದಿದೆ. ಒಂದು ದಿನ ಅದೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಕೊಠಡಿ, ಶೌಚಾಲಯ ಎಲ್ಲ ತೋರಿಸಿದೆ. ಈಗ ವೇಳಾಪಟ್ಟಿ ನೋಡಿ ಚೀಲ ತುಂಬುವ ರೂಢಿ ಮಾಡಿಸುತ್ತಿದ್ದೇನೆ. (ಮೊದಲ ದಿನ ಎಲ್ಲರೂ ಎಲ್ಲ ಪುಸ್ತಕಗಳನ್ನೂ ಹೊತ್ತು ತಂದಿದ್ದರು!)

ನಾನು ಸೋತಿರುವುದು ಗಣಿತದಲ್ಲಿ. 824ನ್ನು 8ರಿಂದ ಭಾಗಿಸಿ ಎಂದರೆ ಆರು ಮಕ್ಕಳು 13 ಎಂದು ಬರೆಯುತ್ತಾರೆ. 2ರಲ್ಲಿ 8 ಹೋಗುವುದಿಲ್ಲ ಎಂದು ಗೊತ್ತು, ಆದರೆ ಭಾಗಲಬ್ಧದಲ್ಲಿ ಸೊನ್ನೆ ಇಡದೆ 4ನ್ನು ಇಳಿಸಿಕೊಂಡುಬಿಡುತ್ತಾರೆ. "ಹದಿಮೂರು ಎಂಟಲೆ ಎಷ್ಟು?" ಎಂದು ಕೇಳಿದರೆ 104 ಎಂದು ತಾವೇ ಹೇಳಿ ಪೆಚ್ಚಾಗುತ್ತಾರೆ, ಮರುದಿನ ಮತ್ತೆ ಅದೇ ತಪ್ಪು. ನೂರರ ಕಟ್ಟು, ಹತ್ತರ ಕಟ್ಟು, ಬಿಡಿ ಕಡ್ಡಿ ಹಂಚಿ ಮಾಡಿದಾಗ ಉತ್ತರ 103 ಸರಿಯಾಗಿ ಬರುತ್ತದೆ. ಕಾಗದಕ್ಕೆ ಬಂದರೆ ಸೊನ್ನೆ ಮಾಯ.

ಎಂಟನೆಯ ತರಗತಿಯ ಸೇತುಬಂಧದಲ್ಲಿ ಇಷ್ಟು ಹಿಂದಕ್ಕೆ ಹೋಗಲು ಬಿಡುವು ಸಿಗಲಾರದು. ನನಗಿರುವುದು 20 ದಿನ, ದಿನಕ್ಕೆ 40 ನಿಮಿಷ. ಕಡ್ಡಿಯಿಂದ ಕಾಗದಕ್ಕೆ ದಾಟಿಸುವಾಗ ನಡುವೆ ನೀವು ಯಾವ ಹೆಜ್ಜೆ ಇಟ್ಟಿರಿ, ಅದಕ್ಕೆ ಎಷ್ಟು ದಿನ ಹಿಡಿಯಿತು?